ಖಾಲಿ ಡಬ್ಬಿಯ ತೂಕ

ಷಟರನ್ನು ಸೊಂಟದ ಮಟ್ಟಕ್ಕೆ ಎತ್ತಿ ನಿಲ್ಲಿಸಿದ್ದಾರೆ. ಬೆಳಗಿನ ಎಂಟೂವರೆ. ಒಳಗೆ ಹೋಗಬೇಕೆಂದರೆ ಬಗ್ಗಬೇಕು. ಬಗ್ಗಿ ಎದ್ದರೆ ಮೂಗಿಗೆ ಮೊದಲು ಫಿನಾಯಿಲ್, ಆಮೇಲೆ ತುಪ್ಪ. ಗಾಜಿನ ಕಪಾಟುಗಳನ್ನು ಒರೆಸಿಟ್ಟಿದ್ದಾರೆ, ತಟ್ಟೆಗಳು ಇನ್ನೂ ಬಂದಿಲ್ಲ. ಹಿಂದಿನ ಭಟ್ಟಿಯಿಂದ ಬೂಂದಿ ಜಾರಿಯನ್ನು ಕಡಾಯಿಯ ಅಂಚಿಗೆ ಬಡಿಯುವ ಸದ್ದು ಒಂದೇ ಲಯದಲ್ಲಿ ಕೇಳುತ್ತಿದೆ. ಬಸವಕಲ್ಯಾಣದ ಪೇಟೆಯಲ್ಲಿರುವ ಈ ಮಿಠಾಯಿ ಅಂಗಡಿಗೆ ದೀಪಾವಳಿಯ ಹೊತ್ತಿಗೆಂದು ತೆಗೆದುಕೊಂಡ ಆರು ಮಂದಿ ಕೌಂಟರಿನ ಹೊರಬದಿಯಲ್ಲಿ, ಗಿರಾಕಿಗಳು ನಿಲ್ಲುವ ಜಾಗದಲ್ಲಿ ನಿಂತಿದ್ದಾರೆ. ಮೂವರು ಹುಡುಗಿಯರು, ಇಬ್ಬರು ಡಿಗ್ರಿ ಕಾಲೇಜಿನ ಹುಡುಗರು. ಇನ್ನೊಬ್ಬ ಪುಣೆಯಲ್ಲಿ ಕೆಲಸಕ್ಕಿದ್ದು ಹಬ್ಬಕ್ಕೆ ಊರಿಗೆ ಬಂದವನು. ಲಕ್ಷ್ಮೀಪೂಜೆಗೆ ಇನ್ನು ಐದು ದಿನ.

ಒಳಬದಿಯಲ್ಲಿ ನಿಂತವರು ಒಬ್ಬರೇ. ಇಲ್ಲಿ ಎಲ್ಲರಿಗೂ ಅವರು ‘ಕಾಟಾ ಕಾಕಾ’. ಮಾಲೀಕರ ಅಪ್ಪನ ಕಾಲದಿಂದ ತಕ್ಕಡಿಯ ಹಿಂದೆ ನಿಂತವರು. ಅವರು ಅರ್ಧ ಕಿಲೋದ ಖಾಲಿ ರಟ್ಟಿನ ಡಬ್ಬಿಯೊಂದನ್ನು ತೂಕದ ಯಂತ್ರದ ಮೇಲಿಟ್ಟರು. ಕೆಂಪು ಅಂಕಿ ಮಿನುಗಿ ನಿಂತಿತು.

“ಏನ್ ಕಾಣಸ್ತದ?”

“ಅರವತ್ತೆರಡ್ರಿ.”

“ಡಬ್ಬ್ಯಾಗ ಏನದ?”

“ಏನಿಲ್ಲರಿ.”

“ಏನಿಲ್ಲದ್ದಕ್ಕ ರೊಕ್ಕ ಎಷ್ಟಾತು?”

ಯಾರೂ ಬಾಯಿ ಬಿಡಲಿಲ್ಲ. ಕಾಕಾ ತಾವೇ ಗುಂಡಿ ಒತ್ತಿ ಕಿಲೋಕ್ಕೆ 480 ಎಂದು ಹಾಕಿದರು. ಯಂತ್ರ ತೋರಿಸಿದ್ದು 29 ರೂಪಾಯಿ 76 ಪೈಸೆ. “ಮೂವತ್ತು ರೂಪಾಯಿ ರಟ್ಟು. ಗಿರಾಕಿ ರಟ್ಟು ತಿಂತಾನೇನು?” ಹುಡುಗಿಯರು ನಕ್ಕರು. ಕಾಕಾ ನಗಲಿಲ್ಲ.

ಹಬ್ಬದ ತಾತ್ಕಾಲಿಕ ಕೆಲಸದವರಿಗೆ ತರಬೇತಿ ಕೊಡುತ್ತಾರೆ ಎಂದು ಕೇಳಿ ನಾನು ನೋಡಲು ಹೋದಾಗ, ನಗುಮುಖ, ನಮಸ್ಕಾರ, ‘ಇನ್ನೇನು ಬೇಕು’ ಎಂದು ಕೇಳುವ ಕಲೆ ಇವುಗಳಿಂದ ಶುರುವಾದೀತು ಎಂದುಕೊಂಡಿದ್ದೆ. ಶುರುವಾದದ್ದು ಖಾಲಿ ಡಬ್ಬಿಯಿಂದ. ಮೊದಲ ಒಂದು ತಾಸು ಅದರಲ್ಲೇ ಕಳೆಯಿತು.

ಡಬ್ಬಿ ಇಟ್ಟ ಮೇಲೆ ಟೇರ್ ಗುಂಡಿ ಒತ್ತಿದರೆ ಅಂಕಿ ಸೊನ್ನೆಗೆ ಬರುತ್ತದೆ. ಆಮೇಲೆ ಹಾಕಿದ್ದಷ್ಟೇ ಮಿಠಾಯಿಯ ತೂಕ. ಇಷ್ಟು ಯಾರಿಗಾದರೂ ತಿಳಿಯುತ್ತದೆ. ತಪ್ಪಾಗುವುದು ಅದರ ಮುಂದಿನ ಗಿರಾಕಿಗೆ. ಕಾಕಾ ಮಾಡಿ ತೋರಿಸಿದರು. ಒಂದು ಕಿಲೋದ ದೊಡ್ಡ ಡಬ್ಬಿ ಇಟ್ಟರು, 96 ಗ್ರಾಂ. ಟೇರ್ ಒತ್ತಿದರು, ಡಬ್ಬಿ ತೆಗೆದರು. ಈಗ ಖಾಲಿ ತಟ್ಟೆಯ ಮೇಲೆ ಅಂಕಿ ಮೈನಸ್ 96. ಯಂತ್ರ ಆ ಡಬ್ಬಿಯನ್ನು ಇನ್ನೂ ನೆನಪಿಟ್ಟುಕೊಂಡಿದೆ. ಈ ಸ್ಥಿತಿಯಲ್ಲಿ ಸಣ್ಣ ಡಬ್ಬಿ ಇಟ್ಟು 500 ಬರುವ ತನಕ ತುಂಬಿದರೆ ಒಳಗೆ ಹೋಗುವ ಮಾಲು 534 ಗ್ರಾಂ. 34 ಗ್ರಾಂ ಅಂಗಡಿಗೆ ಲುಕ್ಸಾನು. ಉಲ್ಟಾ ಆದರೆ, ಅಂದರೆ ಸಣ್ಣ ಡಬ್ಬಿಯ ಟೇರ್ ಇರುವಾಗ ದೊಡ್ಡ ಡಬ್ಬಿ ಬಂದು ಕೂತರೆ, ಅಷ್ಟೇ ತೂಕ ಗಿರಾಕಿಗೆ ಖೋತಾ. ಎರಡೂ ಸಲ ಅಂಕಿ ಮಾತ್ರ ಚೊಕ್ಕಟವಾಗಿ ಐದುನೂರು ತೋರಿಸುತ್ತದೆ. ತೂಗಿದವನಿಗೂ ಗೊತ್ತಾಗುವುದಿಲ್ಲ, ತೆಗೆದುಕೊಂಡವನಿಗೂ ಗೊತ್ತಾಗುವುದಿಲ್ಲ.

ಗೊತ್ತಾಗುವ ದಾರಿ ಒಂದೇ. ಡಬ್ಬಿ ಎತ್ತಿದ ಕೂಡಲೇ ಅಂಕಿಯನ್ನು ನೋಡಬೇಕು. ಮೈನಸ್ 62 ಇದ್ದರೆ ಸಣ್ಣ ಡಬ್ಬಿ, ಮೈನಸ್ 96 ಇದ್ದರೆ ದೊಡ್ಡದು. ನೋಡಿ, ಸೊನ್ನೆಗೆ ತಂದು, ಆಮೇಲೆ ಮುಂದಿನವರ ಮುಖ ನೋಡಬೇಕು. ಕಾಕಾ ಇದನ್ನು ಆರೂ ಮಂದಿಯ ಕೈಯಲ್ಲಿ ಇಪ್ಪತ್ತಿಪ್ಪತ್ತು ಸಲ ಮಾಡಿಸಿದರು. ಡಬ್ಬಿ ಇಡು, ಒತ್ತು, ತುಂಬು, ಎತ್ತು, ನೋಡು, ಸೊನ್ನೆ. ಮಿಠಾಯಿಯ ಬದಲು ಕಡಲೆಬೇಳೆ. ಪುಣೆಯ ಹುಡುಗನಿಗೆ ಬೇಸರ ಬಂದು, “ಅಲ್ಲಿ ಮಾಲ್‌ದಾಗ ಇದೆಲ್ಲ ಆಟೋಮ್ಯಾಟಿಕ್ ಇರ್ತದ್ರಿ” ಎಂದ. “ಇಲ್ಲಿ ನೀನೇ ಆಟೋಮ್ಯಾಟಿಕ್” ಎಂದರು ಕಾಕಾ.

ಡಬ್ಬಿಯ ತೂಕವನ್ನು ಮಿಠಾಯಿಯ ದರದಲ್ಲಿ ಮಾರುವುದು ಊರೂರಲ್ಲಿ ನಡೆದುಬಂದ ರೂಢಿ. ಗಿರಾಕಿಗಳೂ ಅದಕ್ಕೆ ಒಗ್ಗಿಹೋಗಿದ್ದಾರೆ. ಆದರೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ಹಣ ಕೊಟ್ಟಷ್ಟು ತೂಕದ ಮಾಲು ಕೈಗೆ ಬರಬೇಕು. ರಟ್ಟನ್ನು ಸೇರಿಸಿ ಲೆಕ್ಕ ಹಿಡಿದರೆ ಅದು ಕಮ್ಮಿ ತೂಕವೇ. ಯಂತ್ರಕ್ಕೂ ವರ್ಷಕ್ಕೊಮ್ಮೆ ಇಲಾಖೆಯ ಮುದ್ರೆ ಬೀಳಬೇಕು. ಆ ಪ್ರಮಾಣಪತ್ರ ಇಲ್ಲಿ ಗಲ್ಲಾದ ಹಿಂದೆ, ಲಕ್ಷ್ಮಿಯ ಫೋಟೋದ ಪಕ್ಕದಲ್ಲಿ ತೂಗುತ್ತದೆ. ಕಾಕಾ ಮಾತ್ರ ಕಾಯ್ದೆಯ ಹೆಸರು ಎತ್ತಲಿಲ್ಲ. ಬದಲಿಗೆ ಕೌಂಟರಿನ ಕೆಳಗಿಂದ ಮುದ್ರೆಯ ಅರ್ಧ ಕಿಲೋ ಬಟ್ಟು ತೆಗೆದು ತೋರಿಸಿದರು. ದಿನಾ ಬೆಳಿಗ್ಗೆ ಅಂಗಡಿ ತೆಗೆದ ಮೇಲೆ ಯಂತ್ರದ ಮೇಲೆ ಮೊದಲು ಕೂರುವುದು ಅದು. ಐದುನೂರು ಬರದಿದ್ದರೆ ಯಂತ್ರ ಸಮತಟ್ಟಾಗಿ ಕೂತಿದೆಯೇ ಎಂದು ಗುಳ್ಳೆ ನೋಡಬೇಕು, ಮೇಲಿನ ಫ್ಯಾನ್ ಆರಿಸಬೇಕು. ಫ್ಯಾನಿನ ಗಾಳಿ ಅಗಲ ತಟ್ಟೆಯನ್ನು ಒತ್ತುತ್ತದೆ, ಅಂಕಿ ಕುಣಿಯುತ್ತದೆ. “ಕುಣಿಯೋ ಅಂಕಿ ಓದಬ್ಯಾಡ. ನಿಂತ ಮ್ಯಾಲ ಓದು.”

ಎರಡನೆಯ ಪಾಠಕ್ಕೆ ಮಾಲೀಕರ ಮನೆಯವರು ಬಂದರು. ಹುಡುಗರಿಗೆ ಅವರು ‘ವೈನಿ’. ಅವರ ಕೆಲಸ ಗಿರಾಕಿಯಾಗಿ ನಟಿಸುವುದು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಚೀಲ ಹಿಡಿದು ಷಟರಿನಡಿ ಬಗ್ಗಿ ಒಳಬಂದವರು ಪೂರಾ ಬೇರೆ ಹೆಂಗಸಾಗಿದ್ದರು. ಗದ್ದಲದ ನಡುವೆ ನಿಂತವರಂತೆ ಕೂಗಿದರು: “ಪಾಊಣ ಕಿಲೋ ಬರ್ಫಿ ದ್ಯಾ ಹೋ!”

ಕೌಂಟರಿನ ಹುಡುಗಿ ಕಾಲು ಕಿಲೋ ತೂಗಿದಳು.

ಬಸವಕಲ್ಯಾಣದ ಕೌಂಟರಿನಲ್ಲಿ ನಿಲ್ಲುವವರಿಗೆ ಇದೊಂದು ದೊಡ್ಡ ಗುಂಡಿ. ಉಮರ್ಗಾದ ಕಡೆಯಿಂದ ಬರುವವರದು ಮರಾಠಿ, ಪೇಟೆಯ ಅರ್ಧ ಜನರದು ದಖನಿ ಉರ್ದು, ಹಳ್ಳಿಯವರದು ನಮ್ಮ ಬೀದರ ಕನ್ನಡ. ಮೂರರಲ್ಲೂ ತೂಕ ಗ್ರಾಂನಲ್ಲಿ ನಡೆಯುವುದಿಲ್ಲ, ಪಾಲಿನಲ್ಲಿ ನಡೆಯುತ್ತದೆ. ಪಾವ್ ಎಂದರೆ 250. ಮರಾಠಿಯ ಪಾಊಣ, ದಖನಿಯ ಪೌನ ಎಂದರೆ 750. ಎರಡರ ನಡುವೆ ಇರುವುದು ಒಂದು ಣಕಾರ, ಒಂದು ನಕಾರ. ಪಟಾಕಿ ಸದ್ದಿನಲ್ಲಿ ಅದು ಕಿವಿಗೆ ಬೀಳುವುದೇ ಇಲ್ಲ. ಸವ್ವಾ ಎಂದರೆ ಒಂದೂಕಾಲು, ದೀಡ ಎಂದರೆ ಒಂದೂವರೆ. ಢಾಯಿಯದಂತೂ ದೊಡ್ಡ ಪೇಚು. ‘ಢಾಯಿ ಕಿಲೋ’ ಎಂದರೆ ಎರಡೂವರೆ ಕಿಲೋ, ‘ಢಾಯಿ ಸೌ’ ಎಂದರೆ ಇನ್ನೂರೈವತ್ತು. ಅದೂ ಗ್ರಾಂ ಆಗಿರಬಹುದು, ಇನ್ನೂರೈವತ್ತು ರೂಪಾಯಿಯದು ಕೊಡಿ ಎಂದೂ ಇರಬಹುದು. ಬೆಂಗಳೂರಿನ ಯಾವ ತರಬೇತಿ ಪುಸ್ತಕದಲ್ಲೂ ಈ ಪುಟ ಇರಲಿಕ್ಕಿಲ್ಲ.

ಕಾಕಾ ಇದಕ್ಕೆ ಕಟ್ಟಿದ ಉಪಾಯ ಸರಳ. ಗಿರಾಕಿ ಯಾವ ಭಾಷೆಯಲ್ಲಿ ಕೇಳಿದರೂ ತಿರುಗಿ ಹೇಳುವಾಗ ಅಂಕಿಯಲ್ಲೇ ಹೇಳಬೇಕು, ಬೆರಳಿನಲ್ಲೂ ತೋರಿಸಬೇಕು. “ಏಳುನೂರೈವತ್ತು ಗ್ರಾಂ, ಮುಕ್ಕಾಲು, ಹೌದಲ್ರಿ?” ಎನ್ನುವಾಗ ಮೂರು ಬೆರಳು. ನಾಲ್ಕು ಪಾವಿನಲ್ಲಿ ಮೂರು. ಪಾವ್ ಆದರೆ ಒಂದೇ ಬೆರಳು. ಹಿರಿಯರು ಯಾವ ಭಾಷೆಯವರೇ ಆಗಲಿ ಬೆರಳಿಗೆ ಕೂಡಲೇ ತಲೆಯಾಡಿಸುತ್ತಾರೆ, ಇಲ್ಲವೇ ಕೈ ಬೀಸುತ್ತಾರೆ. ಈ ಬೆರಳಿನ ಲೆಕ್ಕ ಕಾಕಾ ಅವರದೇ ಹೊಸ ಶೋಧವೇನಲ್ಲವಂತೆ. ಹಳೆಯ ಕಿರಾಣಿ ಪೇಟೆಯಲ್ಲಿ ನೋಡಿ ಕಲಿತದ್ದು.

ವೈನಿ ಮತ್ತೆ ಹೊರಗೆ ಹೋಗಿ ಬಂದರು. ಈ ಸಲ ಅರ್ಧ ಕಿಲೋ ಮೈಸೂರ್ ಪಾಕ್. ಕಾಲೇಜಿನ ಹುಡುಗ ಚುರುಕು. ಚಿಮಟಾದಿಂದ ಐದಾರು ತುಂಡು ಒಮ್ಮೆಗೇ ಎತ್ತಿ ಹಾಕಿದ. ಅಂಕಿ 540ಕ್ಕೆ ಹೋಯಿತು. ಅವನು ತಲೆಯೆತ್ತಿ, ಎಲ್ಲಿಯೋ ಕೇಳಿ ಕಲಿತ ಧಾಟಿಯಲ್ಲಿ, “ಸ್ವಲ್ಪ ಜಾಸ್ತಿ ಬಿತ್ತು, ಇರ್ಲೇನ್ರಿ?” ಎಂದ.

ಕಾಕಾ ಕೈ ಎತ್ತಿ ಎಲ್ಲ ನಿಲ್ಲಿಸಿದರು.

ನನಗೆ ಇದು ಆ ಬೆಳಗಿನ ಮುಖ್ಯ ಗಳಿಗೆ ಎನಿಸಿತು. ಏಕೆಂದರೆ ‘ಇರಲೇನ್ರಿ’ ಎನ್ನುವುದು ನಮ್ಮ ಅಂಗಡಿಗಳ ಅತಿ ಹಳೆಯ ಮಾರಾಟದ ಮಂತ್ರ. ಮಾಂಸದಂಗಡಿ, ತರಕಾರಿ ಗಾಡಿ, ಹೂವಿನ ಬುಟ್ಟಿ, ಎಲ್ಲೆಡೆ ನಡೆಯುತ್ತದೆ. ಹಿಂದೆ ನಾಲ್ಕು ಜನ ನಿಂತಿರುವಾಗ ನಲವತ್ತು ಗ್ರಾಂ ತೆಗೆಸುವುದಕ್ಕೆ ಎಲ್ಲರಿಗೂ ಸಂಕೋಚ. ಮಾಲೀಕರು ಗಲ್ಲಾದಿಂದಲೇ ಲೆಕ್ಕ ಹೇಳಿದರು. ನಲವತ್ತು ಗ್ರಾಂ ಅಂದರೆ 480ರ ದರದಲ್ಲಿ 19 ರೂಪಾಯಿ 20 ಪೈಸೆ. ದಿನಕ್ಕೆ ನೂರು ಜನರಿಗೆ ಹೀಗೆ ಮಾಡಿದರೆ 1,920. “ರೊಕ್ಕ ಬ್ಯಾಡ ಅನ್ನೋ ಸಾಹುಕಾರ ನಾನಲ್ಲ. ಆದ್ರ ಹಬ್ಬಕ್ಕ ಬರೋ ಮಂದಿ ಲೆಕ್ಕ ಹಾಕ್ಕೊಂಡೇ ಬರ್ತಾರ. ಇನ್ನೂರ ನಲವತ್ತು ಅಂತ ತಯಾರಾಗಿ ನಿಂತಾಂವ ಗಲ್ಲಾಕ್ಕ ಬಂದು ಇನ್ನೂರ ಅರವತ್ತು ಕೇಳಿದ್ರ ಮುಖ ನೋಡಬೇಕು ನೀವು. ಏನೂ ಅನ್ನಂಗಿಲ್ಲ. ಮುಂದಿನ ವರ್ಷ ಬರಂಗಿಲ್ಲ.”

ಅದಕ್ಕೇ ಇಲ್ಲಿ ಕೈಯನ್ನು ಕೆಳಗಿನಿಂದ ಏರಿಸುವುದನ್ನು ಕಲಿಸುತ್ತಾರೆ. ಅರ್ಧ ಕಿಲೋ ಕೇಳಿದರೆ ಮೊದಲ ಸಲ 450ರ ಸುತ್ತ ನಿಲ್ಲಿಸಬೇಕು. ಅಲ್ಲಿಂದ ಒಂದೊಂದೇ ತುಂಡು. ಹಾಕುವ ಕೈಯನ್ನು ನೋಡುತ್ತ ನಿಂತವನಿಗೆ ಅಂಗಡಿಯವನು ಕೊಡುತ್ತಿದ್ದಾನೆ ಎನಿಸುತ್ತದೆ. ತೆಗೆಯುವ ಕೈಯನ್ನು ನೋಡಿದವನಿಗೆ ಕಸಿದುಕೊಂಡಂತೆ. ತೂಕ ಎರಡರಲ್ಲೂ ಅದೇ ಐದುನೂರು. ಕೊನೆಯ ತುಂಡು ಸರಿಹೊಂದದಿದ್ದರೆ ಪಕ್ಕದಲ್ಲಿ ಚೂರಿನ ತಟ್ಟೆ ಇದೆ, ಬಿಲ್ಲೆ ಕತ್ತರಿಸುವಾಗ ಉದುರಿದ ಅಂಚುಗಳದು. ಐದುನೂರಕ್ಕೆ ಒಂದು ಗ್ರಾಂ ಕೂಡ ಕಡಿಮೆ ನಿಲ್ಲಬಾರದು. ಹತ್ತು ಗ್ರಾಂ ತನಕ ಮೇಲೆ ಹೋದರೆ ಅದು ಅಂಗಡಿಯ ಖಾತೆಗೆ, ಬಿಲ್ಲಿನಲ್ಲಿ ಐದುನೂರೇ.

ಹುಡುಗ ಮತ್ತೆ ತೂಗಿದ. 448, 470, 491. ಚೂರು. 503. ವೈನಿ ನಟನೆ ಮರೆತು, “ಛಂದ ಆತು” ಎಂದರು.

ಮಧ್ಯಾಹ್ನದ ಹೊತ್ತಿಗೆ ಷಟರ್ ಪೂರಾ ಮೇಲೆ ಹೋಗಿ ಅಂಗಡಿ ನಡೆಯತೊಡಗಿತು. ಪಾಠ ಗಲ್ಲಾದ ಬದಿಗೆ ಸರಿಯಿತು. ಇಲ್ಲಿ ತೂಗಿದವರು ದುಡ್ಡು ಮುಟ್ಟುವುದಿಲ್ಲ, ದುಡ್ಡು ಮುಟ್ಟಿದವರು ಮಿಠಾಯಿ ಮುಟ್ಟುವುದಿಲ್ಲ. ಕೌಂಟರಿನವರು ಚೀಟಿ ಕೊಡುತ್ತಾರೆ, ಗಿರಾಕಿ ಚೀಟಿಯೊಂದಿಗೆ ಗಲ್ಲಾಕ್ಕೆ ಹೋಗಿ ಹಣ ಕೊಟ್ಟು ಠಸ್ಸೆ ಹಾಕಿಸಿಕೊಂಡು ಬಂದರೆ ಡಬ್ಬಿ ಸಿಗುತ್ತದೆ. ಕೈ ಚೊಕ್ಕಟವಾಗಿರಲಿ ಎಂಬುದು ಒಂದು ಕಾರಣ. ಲೆಕ್ಕವೂ ಚೊಕ್ಕಟ ಎಂಬುದು ಇನ್ನೊಂದು. ರಾತ್ರಿ ಚೀಟಿಗಳ ಮೊತ್ತ ಗಲ್ಲಾದ ಮೊತ್ತಕ್ಕೆ ತಾಳೆಯಾಗದಿದ್ದರೆ ಎಲ್ಲಿ ತಪ್ಪಿದೆ ಎಂದು ಹುಡುಕಲು ಒಂದು ದಾರ ಕೈಯಲ್ಲಿರುತ್ತದೆ.

ನಗದಿನ ಪಾಠ ಬೇಗ ಮುಗಿಯಿತು. ಬಂದ ನೋಟನ್ನು ಡ್ರಾಗೆ ಹಾಕಬಾರದು. ಮೇಲೆ ಕಲ್ಲಿನಡಿ ಇಟ್ಟು, “ಐದುನೂರು ಕೊಟ್ಟೀರಿ” ಎಂದು ಜೋರಾಗಿ ಹೇಳಿ, ಚಿಲ್ಲರೆ ಎಣಿಸಿ ಕೊಟ್ಟ ಮೇಲೆ ಒಳಗೆ. ನಾನು ಕೊಟ್ಟಿದ್ದು ಐದುನೂರು, ಇಲ್ಲ ಎರಡುನೂರು ಎಂಬ ಜಗಳ ಹುಟ್ಟುವುದು ನೋಟು ಕಣ್ಮರೆಯಾದ ಮೇಲೆ.

ಫೋನಿನ ಹಣದ ತೊಡಕು ಬೇರೆ. ಗಲ್ಲಾದ ಮೇಲಿನ ಸೌಂಡ್ ಬಾಕ್ಸ್ “ಇನ್ನೂರ ನಲವತ್ತು ರೂಪಾಯಿ ಬಂದಿದೆ” ಎಂದು ಕೂಗಿತು. ಗಲ್ಲಾದ ಮುಂದೆ ಇಬ್ಬರು ನಿಂತಿದ್ದರು, ಇಬ್ಬರದೂ ಅರ್ಧ ಕಿಲೋ, ಇಬ್ಬರದೂ 240. ಬಂದದ್ದು ಯಾರದು? ಗಲ್ಲಾದಲ್ಲಿ ಕಲಿಯುತ್ತಿದ್ದ ಹುಡುಗಿ ಇಬ್ಬರಿಗೂ ಠಸ್ಸೆ ಹಾಕಲು ಹೊರಟಳು. ಮಾಲೀಕರು ಮೆಲ್ಲಗೆ ಅವಳ ಮೊಣಕೈ ಹಿಡಿದರು. ಅಂಗಡಿಯ ಫೋನಿನಲ್ಲಿ ಹಣ ಕಳಿಸಿದವರ ಹೆಸರು ಕಾಣಿಸುತ್ತದೆ. ಅದನ್ನು ನೋಡಿ, “ನಿಮ್ಮ ಫೋನ್ ಯಾರ ಹೆಸರಿಲೆ ಅದರಿ?” ಎಂದು ಕೇಳಬೇಕು. ಹೆಸರನ್ನು ನಾವು ಹೇಳಬಾರದು, ಅವರ ಬಾಯಿಂದ ಬರಬೇಕು. ಒಬ್ಬರದು ಸರಿಹೊಂದಿತು. ಇನ್ನೊಬ್ಬರ ಫೋನಿನಲ್ಲಿ ಚಕ್ರ ಇನ್ನೂ ತಿರುಗುತ್ತಿತ್ತು. ಅವರ ಡಬ್ಬಿಯನ್ನು ಪಕ್ಕಕ್ಕಿಟ್ಟು, “ನೆಟ್‌ವರ್ಕ್ ನೋಡ್ರಿ ಕಾಕಾ, ಕೂಡ್ರಿ” ಎಂದರು. ಗಿರಾಕಿ ತನ್ನ ಫೋನಿನಲ್ಲಿ ತೋರಿಸುವ ಹಸಿರು ಟಿಕ್ಕನ್ನು ನಂಬಬಾರದು ಎಂಬುದು ನಿಯಮ. ಆದರೆ ಹಾಗೆ ಹೇಳಿಬಿಟ್ಟರೆ ಎದುರಿನವರನ್ನು ಕಳ್ಳ ಎಂದಂತೆ. ಅದಕ್ಕೇ ನೆಟ್‌ವರ್ಕಿನ ಮೇಲೆ ಹಾಕುವುದು. ಈ ಸಣ್ಣ ಸುಳ್ಳನ್ನು ಇಲ್ಲಿ ಪಾಠದಲ್ಲೇ ಸೇರಿಸಿದ್ದಾರೆ. ನನಗೇನೂ ತಕರಾರಿಲ್ಲ.

ಬಿಲ್ಲಿನ ಬಗ್ಗೆ ಒಂದು ಮಾತು. ಈ ಅಂಗಡಿ ಜಿಎಸ್‌ಟಿಯ ಕಾಂಪೊಸಿಷನ್ ಪದ್ಧತಿಯಲ್ಲಿದೆ. ಹಾಗಿರುವ ಸಣ್ಣ ವ್ಯಾಪಾರಿ ವಹಿವಾಟಿನ ಮೇಲೆ ತೆರಿಗೆಯನ್ನು ತನ್ನ ಕೈಯಿಂದ ಕಟ್ಟುತ್ತಾನೆ, ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ. ಅದಕ್ಕೆ ಚೀಟಿಯ ತಲೆಯ ಮೇಲೆ ‘ಬಿಲ್ ಆಫ್ ಸಪ್ಲೈ’ ಎಂದಿರುತ್ತದೆ. ಹೊಸ ಹುಡುಗರು ಜಾಣತನ ತೋರಿಸಲು ಹೋಗಿ “ಜಿಎಸ್‌ಟಿ ಬ್ಯಾರೆ ಆಗ್ತದ್ರಿ” ಎಂದುಬಿಡುವುದು ಪ್ರತಿ ವರ್ಷದ ತಪ್ಪಂತೆ. ಇನ್ನೂರು ರೂಪಾಯಿಗಿಂತ ಕಡಿಮೆಯ ವ್ಯಾಪಾರಕ್ಕೆ, ಗಿರಾಕಿ ಕೇಳದಿದ್ದರೆ, ಬೇರೆ ಬೇರೆ ಬಿಲ್ಲು ಕೊಡಲೇಬೇಕೆಂದಿಲ್ಲ. ದಿನದ ಕೊನೆಗೆ ಒಟ್ಟು ಸೇರಿಸಿ ಒಂದು ಮಾಡಬಹುದು. ಆದರೂ ಇಲ್ಲಿ ಪಾವ್ ಚಿವಡಾಕ್ಕೂ ಚೀಟಿ ಹರಿಯುತ್ತಾರೆ, ಹಬ್ಬದ ಗದ್ದಲದಲ್ಲಿ ನೆನಪನ್ನು ನಂಬಲಾಗದು ಎಂಬ ಕಾರಣಕ್ಕೆ.

ಮೂರನೆಯ ದಿನ ನಾನು ಮತ್ತೆ ಹೋದಾಗ ಮಾತಿನ ಪಾಠ ನಡೆಯುತ್ತಿತ್ತು. ‘ಜಾಸ್ತಿ ಮಾರುವುದು’ ಎಂದು ಇಲ್ಲಿ ಯಾರೂ ಅನ್ನುವುದಿಲ್ಲ. ಕಾಕಾ ಅದಕ್ಕೆ ಇಟ್ಟ ಹೆಸರು ‘ಒಂದು ಮಾತು ಕೇಳೋದು’. ಒಂದೇ ಮಾತು, ಒಂದೇ ಸಲ. “ಇನ್ನೇನು ಬೇಕ್ರಿ?” ಎಂಬುದು ಅವರ ಪ್ರಕಾರ ಮಾತೇ ಅಲ್ಲ, ಅದಕ್ಕೆ ಸಿಗುವ ಉತ್ತರ “ಸಾಕು”. ಕೇಳಬೇಕಾದದ್ದು ಎರಡರಲ್ಲಿ ಒಂದು: ಎಲ್ಲಿಗೆ ಒಯ್ಯುತ್ತೀರಿ? ಯಾವಾಗ ತಿನ್ನುತ್ತೀರಿ?

ಆ ಹೊತ್ತಿಗೇ ನಿಜವಾದ ಗಿರಾಕಿಯೊಬ್ಬರು ಬಂದರು. ರಾಜೇಶ್ವರದ ಕಡೆಯ ಅಜ್ಜಿ, ಹಸಿರು ಇಳಕಲ್ ಸೀರೆ, ಬಟ್ಟೆಯ ಚೀಲ. ಕಲಾಕಂದದ ತಟ್ಟೆಗೆ ಬೆರಳು ತೋರಿಸಿ ಒಂದು ಕಿಲೋ ಕಟ್ಟು ಅಂದರು. ಕಿಲೋಕ್ಕೆ 520. ತೂಗಿ ಕಟ್ಟಿ ಕಳಿಸಿದ್ದರೆ ಒಂದು ನಿಮಿಷದ ಕೆಲಸ. ಕೌಂಟರಿನಲ್ಲಿದ್ದವಳು ಮೊದಲ ದಿನ ಪಾವ್‌ಗೂ ಪಾಊಣಕ್ಕೂ ತಪ್ಪಿದ್ದ ಹುಡುಗಿಯೇ. ಅವಳು ಬಗ್ಗಿ ಕೇಳಿದಳು: “ಎಲ್ಲಿಗಿ ಒಯ್ಲತ್ತಿ ಆಯಿ?”

“ಹೈದ್ರಾಬಾದಿಗಿ. ಮೊಮ್ಮಗಳ ಮನಿಗಿ. ನಾಳಿ ಮುಂಜಾನೆ ಬಸ್ಸು.”

ಕಲಾಕಂದದ ಸಂಗತಿ ಹೇಳಬೇಕು. ಹಾಲು ಕುದಿಯುವಾಗ ಹುಳಿಯನ್ನೋ ಚಿಟಿಕೆ ಪಟಿಕವನ್ನೋ ಹಾಕಿ ಒಡೆಸಿ, ಆ ಹರಳು ಹರಳಾದ ಹಾಲನ್ನು ಸಕ್ಕರೆಯೊಂದಿಗೆ ಬತ್ತಿಸಿ ಮಾಡಿದ್ದು ಅದು. ಒಳಗೆ ತೇವ ಉಳಿದಿರುತ್ತದೆ; ಅದರ ರುಚಿಯೆಲ್ಲ ಆ ತೇವದಲ್ಲೇ, ಅದರ ಆಯುಸ್ಸಿನ ಕೊರತೆಯೂ ಅಲ್ಲೇ. ಒಡೆದ ಹಾಲಿನ ಸಿಹಿ ಈ ಊರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದಿಂದ ಆಳಿದ ಚಾಲುಕ್ಯರ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಹಾಲನ್ನು ಹುಳಿಯಿಂದ ಒಡೆಸಿ ಮಾಡುವ ಸಿಹಿಯ ಬಗೆಯನ್ನು ಬರೆದಿಟ್ಟಿದ್ದಾನೆ. ಅರಮನೆಯಲ್ಲಿ ಅದನ್ನು ಮಾಡಿದ ದಿನವೇ ತಿನ್ನುವವರಿದ್ದರು. ಬಸ್ಸಿನಲ್ಲಿ ಹೈದರಾಬಾದಿಗೆ ಒಯ್ಯುವ ಪ್ರಶ್ನೆ ಇರಲಿಲ್ಲ.

ಬಿಡಿ ಮಿಠಾಯಿಯ ತಟ್ಟೆಯ ಮುಂದೆ ‘ಇಷ್ಟರೊಳಗೆ ತಿನ್ನಿ’ ಎಂಬ ದಿನಾಂಕ ಇಡಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರ ಅಕ್ಟೋಬರ್ 1ರಿಂದ ಕಡ್ಡಾಯ ಮಾಡಿತು. ಅದರ ಮಾರ್ಗಸೂಚಿಯಲ್ಲಿ ಕಲಾಕಂದಕ್ಕೆ ಅದೇ ದಿನದ ಗಡುವು. ರಸಗುಲ್ಲಾ ಬಗೆಯವಕ್ಕೆ ಎರಡು ದಿನ, ಖೋವಾದವಕ್ಕೆ ನಾಲ್ಕು ದಿನ, ತುಪ್ಪ ಮತ್ತು ಒಣಹಣ್ಣಿನವಕ್ಕೆ ಒಂದು ವಾರ. ಹೆಚ್ಚಿನ ಕಡೆ ಈ ಚೀಟಿಗಳು ಇನ್‌ಸ್ಪೆಕ್ಟರಿಗಾಗಿ ನಿಂತಿರುತ್ತವೆ. ಇಲ್ಲಿ ಅವನ್ನೇ ಮಾತಿನ ಪಾಠದ ಪುಸ್ತಕ ಮಾಡಿಕೊಂಡಿದ್ದಾರೆ. ಯಾವ ತಟ್ಟೆಯದು ಎಷ್ಟು ದಿನ ಎಂದು ಆರೂ ಮಂದಿ ಬಾಯಿಪಾಠ ಒಪ್ಪಿಸಬೇಕು. ಅದು ಗೊತ್ತಿದ್ದವರಿಗೆ ಗಿರಾಕಿಗೆ ಏನು ಹೇಳಲಿ ಎಂಬ ಚಿಂತೆ ಇರುವುದಿಲ್ಲ.

“ಆಯಿ, ಇದು ಇವತ್ತೇ ತಿನ್ನೋದು. ನಾಳಿ ಸಂಜಿ ಮುಟ್ಟೂದರಾಗ ಹುಳಿ ಆಗ್ತದ. ಮೊಮ್ಮಗಳಿಗಿ ಬೇಸನ್ ಉಂಡಿ ಒಯ್ಯಿ, ಹತ್ತು ದಿನ ಇರ್ತದ. ಇದು ಪಾವ್ ಕಿಲೋ ಒಯ್ದು ಇವತ್ತ ರಾತ್ರಿ ಮನ್ಯಾಗ ನೀವೇ ತಿನ್ರಿ.”

ಅಜ್ಜಿ ಹುಡುಗಿಯ ಮುಖ ನೋಡಿದರು, ತಟ್ಟೆ ನೋಡಿದರು. “ಉಂಡಿ ಹೆಂಗ?” ಕಿಲೋಕ್ಕೆ 440. ಮುಕ್ಕಾಲು ಕಿಲೋ ಉಂಡೆ 330, ಪಾವ್ ಕಲಾಕಂದ 130. ಒಟ್ಟು 460. ಹುಡುಗಿ ಚೀಟಿ ಬರೆಯುತ್ತ ಒಂದು ಕ್ಷಣ ನಿಂತಳು. ಬಿಲ್ಲು ಅರವತ್ತು ರೂಪಾಯಿ ಇಳಿದಿತ್ತು. ಅವಳು ಕಾಕಾನ ಕಡೆ ತಪ್ಪು ಮಾಡಿದವಳಂತೆ ನೋಡಿದಳು. ಕಾಕಾ ಬೇರೆ ಕಡೆ ನೋಡುತ್ತಿದ್ದರು, ಬೇಕೆಂದೇ.

ಆಮೇಲೆ ಅವಳಿಗೇ ಹೊಳೆಯಿತು. “ದಾರ್ಯಾಗ ಬಾಯಾಡ್ಸಾಕ ಚಿವಡಾ ಹಾಕ್ಲಾ ಆಯಿ? ಪಾವ್ ಕಿಲೋ, ಅರವತ್ತೈದು.” ಅಜ್ಜಿ “ಹಾಕವ್ವ” ಎಂದರು. ಒಟ್ಟು 525. ಮೂಲ ಬಿಲ್ಲಿಗಿಂತ ಐದು ರೂಪಾಯಿ ಹೆಚ್ಚು. ಹುಡುಗಿ ಕಲಾಕಂದದ ಡಬ್ಬಿಯ ಮೇಲೆ ಪೆನ್ನಿನಿಂದ ‘ಇವತ್ತೇ’ ಎಂದು ದಪ್ಪಗೆ ಬರೆದಳು. ಅಜ್ಜಿಗೆ ಓದಲು ಬರುತ್ತದೋ ಇಲ್ಲವೋ ಎಂದು ಅನುಮಾನ ಬಂದು, ಆ ಡಬ್ಬಿಗೆ ಮಾತ್ರ ಕೆಂಪು ದಾರ ಕಟ್ಟಿ, “ಕೆಂಪು ದಾರದ್ದು ಇವತ್ತ” ಎಂದಳು. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಮರುದಿನದಿಂದ ಕಲಾಕಂದಕ್ಕೆಲ್ಲ ಕೆಂಪು ದಾರ ಬಂತು.

ಒಂದು ಮಾತನ್ನು ಯಾರಿಗೆ ಕೇಳಬಾರದು ಎಂಬುದೂ ಪಾಠದಲ್ಲಿದೆ. ಅಂಗೈಯಲ್ಲಿ ಹಣ ಎಣಿಸುತ್ತ ಬಂದವರಿಗೆ, ಮಗುವನ್ನು ಎತ್ತಿಕೊಂಡು ಮಗುವಿನ ಬೆರಳು ಹೋದ ಕಡೆಯಿಂದ ಕಣ್ಣು ತಪ್ಪಿಸುತ್ತಿರುವ ತಾಯಿಗೆ, ಮತ್ತೆ ‘ಸಾಕು’ ಎಂದವರಿಗೆ. ಮಗುವಿಗೆ ಚೂರಿನ ತಟ್ಟೆಯಿಂದ ಒಂದು ಚೂರು ಕೊಡಬಹುದು, ತಾಯಿಯನ್ನು ಕೇಳಿ. ಆದರೆ ಅದನ್ನು ತಿನ್ನಿಸಿ ಆಮೇಲೆ “ಇದು ಕಟ್ಲೇನ್ರಿ” ಎಂದರೆ ಕಾಕಾ ಎಲ್ಲರ ಮುಂದೆ ಬೈಯುತ್ತಾರೆ.

ಬಸವಕಲ್ಯಾಣದ ಬಗ್ಗೆ ಬರೆಯುವವರಿಗೆ ಇಲ್ಲಿ ಕಾಯಕದ ಮಾತು ತರುವ ಆಸೆ ಬರುತ್ತದೆ. ನನಗೂ ಬಂತು. ಅಂಗಡಿಯಲ್ಲಿ ಆ ಮೂರು ದಿನ ಯಾರೂ ಆ ಶಬ್ದ ಎತ್ತಲಿಲ್ಲ, ಹಾಗಾಗಿ ನಾನೂ ಬಿಡುತ್ತೇನೆ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಕೌಂಟರಿನ ಹಿಂದೆ ಒಂದೂ ಸ್ಟೂಲು ಇಲ್ಲ. ಬೆಳಿಗ್ಗೆ ಹತ್ತರಿಂದ ರಾತ್ರಿ ಹತ್ತರ ತನಕ ನಿಂತೇ ಇರಬೇಕು. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರುವ ಹಕ್ಕನ್ನು ಕಾನೂನಿನಲ್ಲೇ ಬರೆದವು. ನಾನು ಇದನ್ನು ಹೇಳಿದಾಗ ಮಾಲೀಕರು, “ಗಿರಾಕಿ ಮುಂದ ಕೂತ್ರ ಛಲೋ ಕಾಣ್ಸಂಗಿಲ್ಲರಿ” ಎಂದರು. ಕಾಕಾ ಅದಕ್ಕೆ ಹೌದು, ಅಲ್ಲ ಎನ್ನಲಿಲ್ಲ, ಆದರೆ ಒಂದು ಲೆಕ್ಕ ಹೇಳಿದರು. ಟೇರ್ ಮರೆಯುವ ತಪ್ಪು ಬೆಳಿಗ್ಗೆ ಆಗುವುದಿಲ್ಲ. ರಾತ್ರಿ ಎಂಟರ ಮೇಲೆ ಆಗುತ್ತದೆ, ಕಾಲು ಸೋತ ಮೇಲೆ. ಮರುದಿನ ಭಟ್ಟಿಯ ಕಡೆಯಿಂದ ಎರಡು ಖಾಲಿ ಎಣ್ಣೆ ಡಬ್ಬಗಳು ಬಂದು, ಮೇಲೆ ಗೋಣಿತಟ್ಟು ಹಾಸಿಕೊಂಡು, ಕಪಾಟಿನ ಮರೆಯಲ್ಲಿ ಕೂತಿದ್ದವು.

ಲಕ್ಷ್ಮೀಪೂಜೆಯ ಸಂಜೆ ಪೇಟೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಚೆಂಡುಹೂವು, ಕಬ್ಬು, ಬಾಳೆಕಂದು, ಪಟಾಕಿಯ ಹೊಗೆ. ಅಂಗಡಿಯ ಮುಂದೆ ಮೂರು ಸಾಲು. ಐದು ಗಂಟೆಗೆ ಕಾಕಾ ಒಂದೇ ಮಾತಿನ ಅಪ್ಪಣೆ ಹೊರಡಿಸಿದರು: “ಇನ್ನು ಮಾತು ಬಂದ್.” ಹೊತ್ತು ಮುಳುಗುವುದರೊಳಗೆ ಮನೆ ಮುಟ್ಟಿ ಪೂಜೆಗೆ ಕೂರಬೇಕಾದ ಮಂದಿ ಇವರು. ಒಬ್ಬರಿಗೆ ಚಿವಡಾ ಬೇಕೇ ಎಂದು ಕೇಳುತ್ತ ನಿಂತರೆ ಹಿಂದಿನ ಇಬ್ಬರು ಎದುರಿನ ಅಂಗಡಿಗೆ ನಡೆದುಬಿಡುತ್ತಾರೆ. ಈ ಹೊತ್ತಿಗೆಂದೇ ಅರ್ಧ ಕಿಲೋದ ಮಿಶ್ರ ಡಬ್ಬಿಗಳನ್ನು ಮಧ್ಯಾಹ್ನವೇ ತೂಗಿ ಕಟ್ಟಿ ಗೋಡೆಯಂತೆ ಪೇರಿಸಿದ್ದರು. ಕಲಾಕಂದ ಅದರಲ್ಲಿ ಇರಲಿಲ್ಲ. ಕೇಳಿದವರಿಗೆ ಗೋಡೆಯಿಂದ ಒಂದು ಇಟ್ಟಿಗೆ ತೆಗೆದುಕೊಟ್ಟಂತೆ ಕೊಡುತ್ತಿದ್ದರು. ಬೇರೆ ಬೇಕೆಂದವರಿಗೆ ಮಾತ್ರ ತಕ್ಕಡಿ.

ಒಂಬತ್ತರ ಸುಮಾರಿಗೆ ನಾನು ಕಪಾಟಿನ ಬದಿಯಿಂದ ಇಣುಕಿದೆ. ಪುಣೆಯ ಹುಡುಗ ಎಣ್ಣೆ ಡಬ್ಬದ ಮೇಲೆ ಕೂತು ಚಪ್ಪಲಿ ಬಿಚ್ಚಿ ಪಾದ ಒತ್ತಿಕೊಳ್ಳುತ್ತಿದ್ದ. ಯಂತ್ರದ ಮುಂದೆ ಆ ಹುಡುಗಿ ನಿಂತಿದ್ದಳು, ಕಣ್ಣು ಕೆಂಪಾಗಿತ್ತು. ಎದುರಿಗೆ ತಲೆಗೆ ರುಮಾಲು ಸುತ್ತಿದ ಒಬ್ಬರು, ಕೈಯಲ್ಲಿ ಚೀಲ ಎತ್ತಿ ಹಿಡಿದು, “ಪೌನ ಕಿಲೋ, ಬೇಟಿ” ಎಂದರು. ಹೊರಗೆ ಸರಪಟಾಕಿ ಹರಿಯುತ್ತಿತ್ತು. ಅವಳು ಮೂರು ಬೆರಳು ಎತ್ತಿದಳು. ಅವರು ತಲೆಯಾಡಿಸಿದರು. ಡಬ್ಬಿ ಇಟ್ಟು ಒತ್ತಿದಳು, ತುಂಬಿದಳು, ಒಂದು ಚೂರು ಹಾಕಿದಳು, ದಾರ ಸುತ್ತಿ ಎತ್ತಿದಳು. ಕೆಂಪು ಅಂಕಿ ಮೈನಸ್ 96ಕ್ಕೆ ಇಳಿದು ನಿಂತಿತು. ಅವಳು ಅದನ್ನು ನೋಡಿ, ಸೊನ್ನೆಗೆ ತಂದು, ಆಮೇಲೆ ಮುಖ ಎತ್ತಿದಳು.

“ಬರ್ರಿ, ಮುಂದಿನವರು.”